ಒಂಬತ್ತನೇ ಅನುಬಂಧ

ಪಾಂಡವಪುರದ ಬಸ್ ನಿಲ್ದಾಣದ ಹಿಂದೆ ಒಂದು ಜೆರಾಕ್ಸ್ ಅಂಗಡಿಯಿದೆ. ಅದರ ಮೇಲಿನ ಎರಡು ಕೋಣೆಗಳಲ್ಲಿ ಕೂತು ನಾನು ಹದಿನಾಲ್ಕು ವರ್ಷದಿಂದ ಊರವರ ತೆರಿಗೆ ಕಾಗದ ಬರೆಯುತ್ತಿದ್ದೇನೆ. ಗೊಬ್ಬರದಂಗಡಿ, ಪೈಪಿನಂಗಡಿ, ಸಿಮೆಂಟು, ಲಾರಿ, ಬೇಕರಿ, ಎಲ್ಲ ಸೇರಿ ಅರವತ್ತು ಚಿಲ್ಲರೆ ನೋಂದಣಿಗಳು. ಆ ಅರವತ್ತರಲ್ಲೂ ಮೊಬೈಲ್ ನಂಬರು ನನ್ನದೇ, ಇಮೇಲೂ ನನ್ನದೇ. ಹಾಗೆ ಮಾಡಬಾರದು ಎಂದು ಪಟ್ಟಣದವರು ಹೇಳುತ್ತಾರೆ. ಹೇಳಲಿ. ಒಟಿಪಿ ಬಂತಾ ಅಂತ ಸಂತೆಯಲ್ಲಿ ನಿಂತ ಮನುಷ್ಯನಿಗೆ ಹತ್ತು ಸಲ ಫೋನು ಮಾಡಿ, ಅವನು ಕನ್ನಡಕ ಹುಡುಕಿ ಆರಂಕಿ ಓದುವ ಹೊತ್ತಿಗೆ ಆ ಒಟಿಪಿ ಸತ್ತಿರುತ್ತದೆ. ಅದಕ್ಕೇ ನಮ್ಮ ಕಡೆ ನನ್ನಂಥವರೆಲ್ಲ ಸ್ವಂತ ನಂಬರೇ ಕೊಡುತ್ತೇವೆ. ಅಂಗಡಿಯವರಿಗೂ ಅದೇ ಇಷ್ಟ. ಸರ್ಕಾರದ ಮೆಸೇಜು ತಮಗೆ ಬರುವುದಿಲ್ಲವಲ್ಲ ಎಂಬ ನೆಮ್ಮದಿ ಅವರಿಗೆ.

ಈ ಏರ್ಪಾಡಿನಲ್ಲಿ ಒಂದೇ ತೊಂದರೆ. ಮೆಸೇಜು ಬಂದಾಗ ನಾನು ನೋಡಬೇಕು.

ಆಗಸ್ಟ್ ಹದಿನೈದರ ಹಿಂದಿನ ದಿನ ಕೆ.ಆರ್. ಪೇಟೆಯಿಂದ ಸಾಹೇಬರು ಫೋನು ಮಾಡಿದರು. ಅವರದು ಮೋಟಾರು ಪಂಪು, ಪಿವಿಸಿ ಪೈಪಿನ ಅಂಗಡಿ. ವಯಸ್ಸು ಅರವತ್ತು ದಾಟಿದೆ. ನನ್ನ ಮೊದಲನೇ ವರ್ಷದಿಂದಲೂ ನನ್ನ ಹತ್ತಿರವೇ ಲೆಕ್ಕ ಇಟ್ಟವರು.

"ತಾಯಿ, ಬ್ಯಾಂಕ್ನೋರು ಅಕೌಂಟ್ ಲಾಕ್ ಆಗದೆ ಅಂತಾವ್ರೆ. ಜಿಎಸ್ಟಿಯೋರು ಕಾಗ್ದ ಕಳ್ಸವ್ರಂತೆ. ಏನೋ ತಪ್ಪಾಗಿರ್ಬೇಕು, ವಸಿ ನೋಡ್ತೀರಾ?"

ನೋಡಿದೆ. ಪೋರ್ಟಲಿನಲ್ಲಿ ನೋಟಿಸುಗಳಿಗೆ ಒಂದು ಜಾಗ ಇದೆ, 'ಹೆಚ್ಚುವರಿ ನೋಟಿಸು ಮತ್ತು ಆದೇಶ' ಎಂದು ಇನ್ನೊಂದು ಜಾಗ ಇದೆ. ಎರಡನೆಯದರೊಳಗೆ ಎಲ್ಲವೂ ಸಾಲಾಗಿ ಮಲಗಿದ್ದವು. ಮೊದಲು ಷೋಕಾಸ್ ನೋಟಿಸು. ಆಮೇಲೆ ಜ್ಞಾಪನೆ. ಕೊನೆಗೆ ಏಪ್ರಿಲ್ ಕೊನೆಯ ವಾರದಲ್ಲಿ ಹಾಕಿದ ಆದೇಶ. ವ್ಯಾಪಾರಿ ಉತ್ತರ ಕೊಟ್ಟಿಲ್ಲ, ವಿಚಾರಣೆಗೆ ಬಂದಿಲ್ಲ, ಹಾಗಾಗಿ ಹಳೆಯ ಒಂದು ವರ್ಷದ ಖರೀದಿಯಲ್ಲಿ ಕೊಟ್ಟ ತೆರಿಗೆಯೆಂದು ತಾನು ಕಟ್ಟಬೇಕಾದ್ದರಲ್ಲಿ ಕಳೆದುಕೊಂಡ ಕ್ರೆಡಿಟ್ಟು ಮೂರು ಲಕ್ಷದ ಎಂಬತ್ತನಾಲ್ಕು ಸಾವಿರ ವಾಪಸು ಕಟ್ಟಬೇಕು, ಮೇಲೆ ಬಡ್ಡಿ, ದಂಡ.

ನನ್ನ ಫೋನಿನಲ್ಲಿ ಹಿಂದಕ್ಕೆ ಹೋದೆ. ಏಪ್ರಿಲಿನ ಮೆಸೇಜು ಸಿಕ್ಕಿತು. ಅದನ್ನು ನಾನು ಆಗಲೇ ತೆರೆದು ಓದಿದ್ದೆ. ಬಂದದ್ದು ಮಧ್ಯಾಹ್ನ. ಆವತ್ತು ಏನು ಮಾಡುತ್ತಿದ್ದೆ ಎಂದು ನೆನಪಾಗಲಿಲ್ಲ. ಓದಿ, ನಾಳೆ ನೋಡಿದರಾಯಿತು ಎಂದುಕೊಂಡು, ಮರೆತಿದ್ದೆ. ಅಷ್ಟೇ. ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಧಸಕ್ಕೆನ್ನುತ್ತಿರಲಿಲ್ಲ. ಅವ್ವ ಹೋಗಿ ಎರಡು ತಿಂಗಳಾಗಿತ್ತು.

ಆದೇಶ ಕೈಸೇರಿದ ಮೇಲೆ ಅಪೀಲಿಗೆ ಮೂರು ತಿಂಗಳು. ಅದು ಜುಲೈ ಕೊನೆಗೇ ಮುಗಿದಿತ್ತು. ತಕ್ಕ ಕಾರಣ ತೋರಿಸಿದರೆ ಅಪೀಲು ಕೇಳುವ ಅಧಿಕಾರಿ ಇನ್ನೊಂದು ತಿಂಗಳು ಮನ್ನಿಸಬಹುದು. ಅದರಾಚೆ ಒಂದು ದಿನವಾದರೂ ಅವರಿಗೆ ಅಧಿಕಾರವಿಲ್ಲ. ಬೆರಳು ಮಡಿಚಿ ಎಣಿಸಿದೆ. ಉಳಿದದ್ದು ಹನ್ನೆರಡು ದಿನ. ಅಷ್ಟರೊಳಗೆ ಅಪೀಲು ಹಾಕಬೇಕು, ಹಾಕಿದ ಮೇಲೆ ತಡ ಮನ್ನಾ ಆಗಬೇಕು. ಮನ್ನಾ ಆಗದಿದ್ದರೆ ಸಾಹೇಬರ ಮಾತು ಎಷ್ಟೇ ನಿಜವಾಗಿರಲಿ, ಯಾರೂ ಕೇಳುವುದಿಲ್ಲ. ಬಡ್ಡಿ ದಂಡ ಸೇರಿಸಿದರೆ ಅದು ಆ ಅಂಗಡಿಯ ಮಟ್ಟಿಗೆ ಎರಡು ವರ್ಷದ ದುಡಿಮೆ.

ಮಾರನೇ ದಿನ ರಜಾ. ಧ್ವಜ ಹಾರಿಸಿ ಮಕ್ಕಳು ಬೀದಿಯಲ್ಲಿ ಸಿಹಿ ತಿನ್ನುತ್ತ ಹೋಗುತ್ತಿದ್ದಾಗ ನಾನು ಕೆ.ಆರ್. ಪೇಟೆ ಬಸ್ಸು ಹತ್ತಿದೆ. ಫೋನಿನಲ್ಲಿ ಹೇಳುವ ವಿಷಯ ಅಲ್ಲ ಅದು. ಸಾಹೇಬರು ಅಂಗಡಿ ಅರ್ಧ ಬಾಗಿಲು ತೆರೆದು ಪೈಪಿನ ಸುರುಳಿಗಳ ನಡುವೆ ಕುರ್ಚಿ ಹಾಕಿ ಕೂತಿದ್ದರು. ಕೂತ ತಕ್ಷಣ ಹೇಳಿಬಿಟ್ಟೆ. "ಮೆಸೇಜ್ ನಂಗೆ ಬಂದಿತ್ತು. ನಾನು ನೋಡಿ ಬಿಟ್ಟಿದ್ದೆ. ತಪ್ಪು ನಂದು."

ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ಒಂದೆರಡು ಮಾತಾಡಿ ಹಗುರಾಗುತ್ತಿದ್ದೆ. ನನಗೆ ಬಾಯಿ ಇಲ್ಲದೇ ಏನಿಲ್ಲ. ಅವರು ಬೈಯಲಿಲ್ಲ. ಟೀ ತರಿಸಿದರು.

"ಅವ್ವ ಹೋಗಿದ್ದ ಟೇಮು. ಮನ್ಸು ಎಲ್ಲಿರ್ತದೆ," ಎಂದರು.

"ಅವ್ವ ಹೋಗಿದ್ದು ಜೂನ್ನಲ್ಲಿ ಸಾಹೇಬ್ರೇ. ಇದು ಬಂದಿದ್ದು ಏಪ್ರಿಲ್ನಲ್ಲಿ."

"ಆಯ್ತು, ಬುಡಿ. ಈಗ ಏನ್ ಮಾಡ್ಬೇಕು ಅದ್ ಹೇಳಿ."

ಸಾಹೇಬರ ಖರೀದಿ ಸುಳ್ಳಲ್ಲ. ಪೈಪುಗಳನ್ನು ನಾಗಮಂಗಲದ ಒಬ್ಬ ಡೀಲರಿಂದ ತರಿಸಿದ್ದರು, ಬ್ಯಾಂಕಿನಿಂದಲೇ ದುಡ್ಡು ಕೊಟ್ಟಿದ್ದರು, ಲಾರಿ ಚೀಟಿಗಳೂ ಇದ್ದವು. ಆದರೆ ಆ ವರ್ಷ ಡೀಲರ ಗುಮಾಸ್ತ ತನ್ನ ರಿಟರ್ನಿನಲ್ಲಿ ಈ ಬಿಲ್ಲುಗಳನ್ನು ಸಾಹೇಬರ ನೋಂದಣಿ ಸಂಖ್ಯೆ ಹಾಕದೆ, ಚಿಲ್ಲರೆ ಗಿರಾಕಿಗೆ ಮಾರಿದ ಲೆಕ್ಕದಲ್ಲಿ ಸೇರಿಸಿದ್ದ. ತೆರಿಗೆ ಸರ್ಕಾರಕ್ಕೆ ಹೋಗಿದೆ. ಸಾಹೇಬರ ಹೆಸರಿನಲ್ಲಿ ಮಾತ್ರ ಕಾಣುವುದಿಲ್ಲ. ಹಳೆಯ ಆ ವರ್ಷಗಳಿಗೆ ಒಂದು ಸುತ್ತೋಲೆ ಇದೆ. ಒಬ್ಬ ಮಾರಾಟಗಾರನಿಂದ ವರ್ಷಕ್ಕೆ ಐದು ಲಕ್ಷದೊಳಗಿನ ವ್ಯತ್ಯಾಸವಾದರೆ, ಮಾಲು ಕೊಟ್ಟಿದ್ದೇನೆ, ತೆರಿಗೆ ಕಟ್ಟಿದ್ದೇನೆ ಎಂದು ಆ ಮಾರಾಟಗಾರನೇ ಬರೆದುಕೊಡಬಹುದು. ನಮಗೆ ಬೇಕಾಗಿದ್ದ ಮುಖ್ಯ ಅನುಬಂಧ ಅದೇ.

ಜಕ್ಕನಹಳ್ಳಿ ದಾರಿಯಲ್ಲಿ ಮೇಲುಕೋಟೆಯ ಬೆಟ್ಟ ನೋಡುತ್ತ ನಾಗಮಂಗಲಕ್ಕೆ ಹೋದೆ. ಬೇರೆ ದಿನವಾದರೆ ಕಿಟಕಿಯ ಪಕ್ಕದ ಸೀಟಿಗೆ ಜಗಳವಾಡುತ್ತಿದ್ದೆ. ಆವತ್ತು ಬೆಟ್ಟ ಬಂತು, ಹೋಯಿತು. ಡೀಲರು ನನಗಿಂತ ಚಿಕ್ಕವನು. ಗೌಡರ ಮನೆಯವನು, ಅಪ್ಪ ಕಟ್ಟಿದ ಗೋಡೌನು. ಮೊದಲು ಬಹಳ ವಿನಯವಾಗಿ ಕೂರಿಸಿ, ಕಾಗದ ಓದಿದ ಮೇಲೆ ಮೊಳ ದೂರ ಸರಿದ.

"ಇದ್ಕೆ ಸೈನ್ ಹಾಕ್ಬುಟ್ರೆ ನಾಳೆ ನನ್ ಮೇಲೇ ಬಂದ್ಬುಡ್ತದಲ್ಲ ಮೇಡಂ?"

"ನೀವು ತೆರಿಗೆ ಕಟ್ಟಿದೀರೋ ಇಲ್ವೋ?"

"ಕಟ್ಟಿವ್ನಿ."

"ಕಟ್ಟಿದ್ದನ್ನು ಕಟ್ಟಿದ್ದೀನಿ ಅಂತ ಬರೆದುಕೊಡೋಕೆ ಯಾಕೆ ಹೆದರ್ತೀರಿ? ಕಟ್ಟದೇ ಇರೋರು ಹೆದರಬೇಕು."

"ಅಂಗಲ್ಲ ಮೇಡಂ. ನಮ್ ಆಡಿಟರ್ನ ಒಂದ್ ಮಾತು ಕೇಳ್ತೀನಿ. ಮುಂದಿನ್ ವಾರ ಬನ್ನಿ."

ನನಗೆ ರೇಗಿತು. ಎರಡು ತಿಂಗಳಲ್ಲಿ ಬಂದ ಮೊದಲನೇ ಸಿಟ್ಟು ಅದು. ಮುಂದಿನ ವಾರ ನನ್ನ ಅಪೀಲಿನ ಶ್ರಾದ್ಧ ಇದೆ, ಆಗ ಬಂದು ಉಂಡು ಹೋಗಿ ಎಂದೆ. ಅವನು ಬೆಚ್ಚಿಬಿದ್ದ. ಗೋಡೌನಿನ ಹಮಾಲಿಯೊಬ್ಬ ತಿರುಗಿ ನೋಡಿದ. ಅವನ ಆಡಿಟರಿಗೆ ಅಲ್ಲೇ ಫೋನು ಮಾಡಿಸಿ, ಸುತ್ತೋಲೆಯ ಸಂಖ್ಯೆ ಹೇಳಿ, ಇವನ ಮೇಲೆ ಹೊಸ ತೆರಿಗೆ ಬರಲು ದಾರಿಯೇ ಇಲ್ಲ, ಕಟ್ಟಿದ್ದು ಕಟ್ಟಿದ ಲೆಕ್ಕದಲ್ಲೇ ಇದೆ, ತಪ್ಪಿರುವುದು ಬರೆದ ಕಾಲಮ್ಮು ಮಾತ್ರ ಎಂದು ಒಪ್ಪಿಸುವ ಹೊತ್ತಿಗೆ ಒಂದೂವರೆ ಗಂಟೆಯಾಯಿತು. ಕೊನೆಗೆ ಲೆಟರ್‌ಹೆಡ್ಡಿನಲ್ಲಿ ಬಿಲ್ಲಿನ ಪಟ್ಟಿ ಸಮೇತ ಬರೆಸಿ, ಪ್ರತಿ ಪುಟಕ್ಕೂ ಸಹಿ, ಸೀಲು ಹಾಕಿಸಿಕೊಂಡೆ. ಅವನ ಆ ವರ್ಷದ ರಿಟರ್ನಿನ ಪ್ರತಿಗಳನ್ನೂ ಇಸಿದುಕೊಂಡೆ. ಹೊರಡುವಾಗ ಎಳನೀರು ಕೊಡಿಸಿದ, ಪಾಪ. ಒಳ್ಳೆಯ ಹುಡುಗನೇ.

ಇನ್ನು ಮುಂಗಡ ಠೇವಣಿ. ಅಪೀಲು ಹಾಕಬೇಕಾದರೆ ತಕರಾರಿರುವ ತೆರಿಗೆಯ ಹತ್ತನೇ ಒಂದು ಭಾಗ ಮೊದಲೇ ಕಟ್ಟಬೇಕು. ಬಡ್ಡಿ, ದಂಡದ ಮೇಲೆ ಇಲ್ಲ. ಅದನ್ನು ಕಟ್ಟಿದರೆ ಉಳಿದದ್ದರ ವಸೂಲಿ ತಾನಾಗಿ ನಿಲ್ಲುತ್ತದೆ. ಲೆಕ್ಕಕ್ಕೆ ಮೂವತ್ತೆಂಟು ಸಾವಿರದ ನಾನೂರು. ಅಂಗಡಿಯ ಅಕೌಂಟು ಲಾಕಾಗಿತ್ತು. ನಗದು ಒಂದು ಚಲನಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ಕಟ್ಟಿಸಿಕೊಳ್ಳುವುದಿಲ್ಲ. ನಾನು ಕಟ್ಟುತ್ತೇನೆ ಎಂದೆ. ಅದಕ್ಕೆ ಮಾತ್ರ ಸಾಹೇಬರು ಮುಖ ಕೆಂಪು ಮಾಡಿಕೊಂಡರು.

"ಕಟ್ಟೋ ಮಾತು ಇನ್ನೊಂದ್ ಸಲ ಆಡ್ಬ್ಯಾಡಿ. ನಮ್ ಸೊಸೆ ಅಕೌಂಟ್ನಲ್ಲಿ ಅದೆ. ಅವ್ಳು ಟೀಚರ್ ಸಂಬ್ಳದ್ದು. ಅವ್ಳೇ ಕೊಡ್ತೀನಿ ಅಂದ್ಲು, ಮಾಷಾ ಅಲ್ಲಾ."

ಆ ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನೇ ಚಲನು ತುಂಬಿದೆ. ಕೇಂದ್ರದ ಪಾಲು ಅರ್ಧ, ರಾಜ್ಯದ ಪಾಲು ಅರ್ಧ, ಹತ್ತೊಂಬತ್ತು ಸಾವಿರದ ಇನ್ನೂರರಂತೆ ಎರಡು ಕಡೆ ಬರೆಯಬೇಕು. ಹದಿನಾಲ್ಕು ವರ್ಷದ ಕೈ ಇದು. ಅಷ್ಟನ್ನೂ ಕೇಂದ್ರದ ಕಾಲಮ್ಮಿನಲ್ಲೇ ಬರೆದುಬಿಟ್ಟೆ. ಆ ಹುಡುಗಿ ದುಡ್ಡು ಕಟ್ಟಿ, ರಸೀದಿ ಬಂದು, ಅವಳು ಹೊರಟುಹೋದ ಮೇಲೆ ನೋಡಿದೆ. ನಗದು ಲೆಡ್ಜರಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ವರ್ಗಾಯಿಸುವ ಒಂದು ಫಾರ್ಮಿದೆ. ಅದನ್ನು ಹಾಕಿ ಸರಿಮಾಡಿದೆ. ನಾಚಿಕೆಯೂ ಆಗಲಿಲ್ಲ. ನನ್ನನ್ನು ನಾನೇ ದೂರದಿಂದ ನೋಡುತ್ತ, ಈ ಹೆಂಗಸನ್ನು ಕೆಲಸದಿಂದ ತೆಗೆಯಬೇಕು ಎಂದುಕೊಂಡೆ.

ಮನವಿ ಬರೆಯುವುದು ನನಗೆ ಸಲೀಸು. ನಡೆದ ಸಂಗತಿ ಎರಡು ಪುಟ. ಅಪೀಲಿನ ಆಧಾರಗಳು ಆರು. ಬಿಲ್ಲಿದೆ, ಮಾಲು ಬಂದಿದೆ, ಹಣ ಕೊಟ್ಟಿದೆ, ತೆರಿಗೆ ಸರ್ಕಾರಕ್ಕೆ ಸೇರಿದೆ, ಹಾಗಿರುವಾಗ ಮಾರಾಟಗಾರನ ಒಂದು ಕಾಲಮ್ಮಿನ ತಪ್ಪಿಗೆ ಕ್ರೆಡಿಟ್ಟು ನಿರಾಕರಿಸಬಾರದು, ಇತ್ಯಾದಿ. ಕೊನೆಗೆ ಪ್ರಾರ್ಥನೆ. ಅನುಬಂಧಗಳಿಗೆ ಸಂಖ್ಯೆ ಹಾಕುತ್ತ ಬಂದೆ. ಆದೇಶ ಒಂದು, ನೋಟಿಸು ಎರಡು, ಬಿಲ್ಲುಗಳು ಮೂರು, ಲಾರಿ ಚೀಟಿ ನಾಲ್ಕು, ಹಳದಿ ಬಳಿದ ಬ್ಯಾಂಕ್ ಸ್ಟೇಟ್‌ಮೆಂಟು ಐದು, ಡೀಲರ ಪತ್ರ ಆರು, ಡೀಲರ ರಿಟರ್ನು ಏಳು. ಎಂಟನೆಯದು ತಡ ಮನ್ನಾ ಅರ್ಜಿ ಮತ್ತು ಅದಕ್ಕೆ ಅಫಿಡವಿಟ್ಟು, ಅಂದರೆ ಪ್ರಮಾಣಪತ್ರ.

ಅಲ್ಲಿ ನಿಂತೆ. ತಡಕ್ಕೆ ಕಾರಣ ಏನು? ಸಲಹೆಗಾರ್ತಿಯ ಅಲಕ್ಷ್ಯ ಎಂದು ಬರೆಯಬಹುದು. ಅದು ನಿಜ. ಆದರೆ ಅಲಕ್ಷ್ಯ ಎಂದರೆ ಅಧಿಕಾರಿಗಳು ಒಪ್ಪುವುದು ಕಷ್ಟ. ಎಲ್ಲರೂ ಅದನ್ನೇ ಬರೆಯುತ್ತಾರೆ. ಕಾಯಿಲೆ, ಆಸ್ಪತ್ರೆ, ಸಾವು, ಇವು ನಿಲ್ಲುತ್ತವೆ. ಸಾವಿಗೆ ಸರ್ಟಿಫಿಕೇಟು ಇರುತ್ತದೆ. ಬೇರೆಯವರ ಎಷ್ಟು ಅರ್ಜಿಗಳಲ್ಲಿ ನಾನೇ ಕೇಳಿಲ್ಲ, ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರಾ ಅಂತ. ಈ ಸಲ ನನ್ನನ್ನೇ ಕೇಳಿಕೊಂಡೆ. ಯಾರೂ ಹೇಳಿಕೊಟ್ಟದ್ದಲ್ಲ, ಇದು ಪೂರ್ತಿ ನನ್ನದೇ ಬುದ್ಧಿ.

ಮರಣ ಪತ್ರ ಅರಕೆರೆಯಲ್ಲಿ ಅಣ್ಣನ ಹತ್ತಿರ ಇತ್ತು. ಅವ್ವ ಕೊನೆಯವರೆಗೂ ಇದ್ದದ್ದು ಅವನ ಮನೆಯಲ್ಲೇ, ಮೊಮ್ಮಕ್ಕಳು, ನಾಲ್ಕು ಹಸು, ದಿನಾ ಡೇರಿಗೆ ಹಾಲು ಅಂತ ಓಡಾಡಿಕೊಂಡು. ಜೂನಿನಲ್ಲಿ ಬಚ್ಚಲಲ್ಲಿ ಬಿದ್ದಳು. ಮಂಡ್ಯದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ಹೋದಳು. ಶ್ರೀರಂಗಪಟ್ಟಣದಲ್ಲಿ ಬಸ್ಸು ಬದಲಾಯಿಸಿ ಅರಕೆರೆಗೆ ಹೋದಾಗ ಅಣ್ಣ ಗದ್ದೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದ. ಅವ್ವನ ಹೆಸರಿನ ಜಮೀನಿನ ಪೌತಿ ಖಾತೆಗೆಂದು ಹತ್ತು ಪ್ರತಿ ತೆಗೆಸಿಟ್ಟಿದ್ದ. ಯಾಕೆ ಎಂದು ಕೇಳಿದ. ಹೇಳಿದೆ.

"ಜಿಎಸ್ಟಿಗಾ?"

"ಹೂಂ."

ಟವಲಿನಿಂದ ಮುಖ ಒರೆಸಿಕೊಂಡ. "ಅಲ್ಲ ಕಣಮ್ಮಿ, ಅವ್ವನ್ನ ಮಣ್ ಮಾಡಿ ಬಂದ್ ಮಾರ್ನೆ ದಿನ್ವೇ ಲ್ಯಾಪ್‌ಟಾಪ್ ತೊಡೆ ಮ್ಯಾಲ್ ಇಟ್ಕಂಡು ಕುಂತಿದ್ದೆ. ಹೆಂಗುಸ್ರು ಎಲ್ಲಾ ನೋಡುದ್ರು. ನಾನೇನಾರ ಅಂದ್ನಾ? ಈಗ ಅವ್ವನ್ ಕಾಗ್ದ ಬೇಕಾ ಅದ್ಕೆ?"

ಅವನು ಹೇಳಿದ್ದು ನಿಜ. ಅವ್ವನ ಮಣ್ಣು ಹತ್ತೊಂಬತ್ತನೇ ತಾರೀಕು. ಇಪ್ಪತ್ತು ರಿಟರ್ನಿಗೆ ಕೊನೇ ದಿನ. ಆವತ್ತು ಆ ಮನೆಯ ಜಗಲಿಯ ಮೇಲೆ ಕೂತು ಹದಿನೇಳು ಅಂಗಡಿಗಳ ರಿಟರ್ನು ಹಾಕಿದೆ. ಒಂದರಲ್ಲೂ ತಪ್ಪಾಗಲಿಲ್ಲ. ಒಳಗೆ ಅಳುತ್ತಿದ್ದರು. ನನಗೆ ಅಳು ಬಂದಿರಲಿಲ್ಲ. ಹಾಲು ತುಪ್ಪಕ್ಕೂ ಬರಲಿಲ್ಲ, ಹನ್ನೊಂದನೇ ದಿನಕ್ಕೂ ಬರಲಿಲ್ಲ. ಅತ್ತಿಗೆಯ ತವರಿನವಳೊಬ್ಬಳು ಇವಳ ಎದೆ ಕಲ್ಲು ಅಂದದ್ದು ಕಿವಿಗೆ ಬಿದ್ದಿತ್ತು. ಇರಬಹುದು ಎಂದುಕೊಂಡಿದ್ದೆ.

"ಕೊಡ್ತೀಯೋ ಇಲ್ವೋ?" ಎಂದೆ. ಕೊಟ್ಟ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಡಿಕೆ ಬೀಳದ ಹಾಗೆ ಕೊಟ್ಟ. ಅತ್ತಿಗೆ ಊಟ ಬಡಿಸಿದಳು. ಉಂಡು ಬಂದೆ.

ಅಪೀಲುದಾರರ ಪ್ರಮಾಣಪತ್ರದ ಜೊತೆಗೆ ನನ್ನದೂ ಒಂದು ಬರೆದೆ. 'ಏಪ್ರಿಲ್ ಕೊನೆಯ ವಾರದಿಂದ ನನ್ನ ತಾಯಿಯ ತೀವ್ರ ಅನಾರೋಗ್ಯ ಹಾಗೂ ತದನಂತರದ ನಿಧನದಿಂದ ನಾನು ಮಾನಸಿಕವಾಗಿ ಜರ್ಜರಿತಳಾಗಿ, ಪೋರ್ಟಲನ್ನು ಪರಿಶೀಲಿಸಲು ಅಶಕ್ತಳಾಗಿದ್ದೆ.' ಏಪ್ರಿಲಿನಲ್ಲಿ ಅವ್ವ ಕರು ಹಾಕಿದ ಹಸುವಿನ ಗಿಣ್ಣ ಕಳಿಸಿದ್ದಳು. ಗಟ್ಟಿಮುಟ್ಟಾಗಿದ್ದಳು. ಕೋರ್ಟಿನ ಆವರಣದಲ್ಲಿ ನೋಟರಿ ಓದಲಿಲ್ಲ, ಸಹಿ ಎಲ್ಲಿ ಎಂದು ಮಾತ್ರ ಕೇಳಿದ. ಸಾಹೇಬರು ಓದಿಸಿಕೊಂಡರು. ಕನ್ನಡ ಓದಲು ಬಂದರೂ ಕಾನೂನಿನ ಕಾಗದವನ್ನು ಬೇರೆಯವರಿಂದ ಓದಿಸಿ ಕೇಳುವುದು ಅವರ ಕ್ರಮ. ಓದಿ ಮುಗಿಸಿದ ಮೇಲೆ ಕೇಳಿದರು.

"ಅವ್ವನ್ ಕಾಗ್ದ ನಮ್ ಪೈಪಿನ್ ಬಿಲ್ ಜೊತ್ಗಾ ಹೋಗೋದು?"

"ಒಂಬತ್ತನೇ ಅನುಬಂಧ."

"ಬ್ಯಾಡ ತಾಯಿ. ಪಾಪ ತಟ್ತದೆ."

"ತಟ್ಟಿದರೆ ನನಗೆ ತಟ್ಟತ್ತೆ. ನೀವು ಸೈನ್ ಹಾಕಿ."

ಮರಣ ಪತ್ರದ ನಕಲಿನ ಮೂಲೆಯಲ್ಲಿ 'ಮೂಲದ ಯಥಾಪ್ರತಿ' ಎಂದು ಬರೆದು ಸಹಿ ಮಾಡಿದೆ. ಅವ್ವನ ಹೆಸರಿನ ಕೆಳಗೆ ಸೀಲು ಒತ್ತಿದೆ. ಸ್ಕ್ಯಾನು ಮಾಡಿದ ಕಡತ ದೊಡ್ಡದಾಯಿತೆಂದು ಪೋರ್ಟಲು ತೆಗೆದುಕೊಳ್ಳಲಿಲ್ಲ. ಕುಗ್ಗಿಸಿ ಮತ್ತೆ ಹಾಕಿದೆ. ಕೊನೆಯ ಒಟಿಪಿ ನನ್ನ ಫೋನಿಗೇ ಬಂತು. ಗಡುವಿಗೆ ಮೂರು ದಿನ ಮುಂಚೆ ಅಪೀಲು ದಾಖಲಾಯಿತು. ಮುದ್ರಿಸಿದ ಪ್ರತಿಗಳನ್ನು ಪುಟಸಂಖ್ಯೆ ಹಾಕಿ, ದಾರ ಕಟ್ಟಿ ಮೈಸೂರಿನ ಅಪೀಲು ಕಚೇರಿಗೆ ಕೊಟ್ಟೆ. ಸ್ವೀಕೃತಿ, ಠೇವಣಿಯ ರಸೀದಿ ಎರಡನ್ನೂ ಮಂಡ್ಯದ ಕಚೇರಿಗೆ ಕೊಟ್ಟು ಬ್ಯಾಂಕಿನ ಬೀಗ ತೆಗೆಸಿದೆ. ಸಾಹೇಬರ ಅಂಗಡಿ ಮೊದಲಿನಂತೆ ನಡೆಯತೊಡಗಿತು. ಅಷ್ಟು ದಿನವೂ ಅದು ತಾತ್ಕಾಲಿಕವೇ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ತಡ ಮನ್ನಾ ಇನ್ನೂ ಆಗಿರಲಿಲ್ಲ.

ವಿಚಾರಣೆ ಬಂದದ್ದು ನವೆಂಬರಿನಲ್ಲಿ. ಸಾಹೇಬರು ಬಿಳಿ ಜುಬ್ಬಾ ಹಾಕಿಕೊಂಡು ನನ್ನ ಪಕ್ಕ ಕೂತರು. ಅಪೀಲು ಕೇಳುವ ಜಂಟಿ ಆಯುಕ್ತರು ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ. ಡೀಲರ ಪತ್ರವನ್ನು ನಿಧಾನವಾಗಿ ಓದಿದರು, ಬಿಲ್ಲುಗಳನ್ನು ಒಂದೊಂದಾಗಿ ತಾಳೆ ನೋಡಿದರು, ಎರಡು ಪ್ರಶ್ನೆ ಕೇಳಿದರು. ಉತ್ತರಿಸಿದೆ. ಆ ಕಡೆ ತೊಂದರೆ ಇಲ್ಲ ಎಂದು ಅವರ ಮುಖದಲ್ಲೇ ಕಂಡಿತು. ಆಮೇಲೆ ಎಂಟನೇ ಅನುಬಂಧ ತೆಗೆದರು. ಒಂಬತ್ತನೆಯದು ನೋಡಿದರು. ಕಂಪ್ಯೂಟರಿನ ಕಡೆ ತಿರುಗಿ ಏನೋ ಒತ್ತಿದರು.

"ತಾಯಿ ಯಾವತ್ತು ತೀರ್ಕೊಂಡ್ರು?"

ತಾರೀಕು ಹೇಳಿದೆ.

"ಮೇ ತಿಂಗಳ ರಿಟರ್ನು ಜೂನ್ ಇಪ್ಪತ್ತಕ್ಕೆ ಫೈಲ್ ಆಗಿದೆ. ಜೂನ್ ತಿಂಗಳದ್ದು ಜುಲೈ ಇಪ್ಪತ್ತಕ್ಕೆ. ಏಪ್ರಿಲ್ದು ಮೇನಲ್ಲಿ. ಎಲ್ಲಾ ಟೈಮ್ಗೆ ಸರಿಯಾಗಿ. ಯಾರು ಹಾಕಿದ್ದು?"

"ನಮ್ಮ ಆಫೀಸಿಂದಲೇ ಸರ್."

"ಪೋರ್ಟಲ್ ನೋಡೋಕೆ ಅಶಕ್ತಳಾಗಿದ್ದೆ ಅಂತ ಬರೆದಿದೀರಿ."

ನನ್ನ ಹತ್ತಿರ ಉತ್ತರ ಇತ್ತು. ರಿಟರ್ನು ಸಹಾಯಕಿಯೊಬ್ಬಳು ಹಾಕಿದಳು ಅನ್ನಬಹುದಿತ್ತು. ಲಾಗಿನ್ನಿನಲ್ಲಿ ಯಾರ ಕೈ ಎಂದು ಯಾರಿಗೆ ಗೊತ್ತು. ಆದರೆ ಬಾಯಿಗೆ ಬಂದದ್ದೇ ಬೇರೆ. ಧೈರ್ಯ ಅಂತಲ್ಲ. ಸುಳ್ಳು ಹೇಳುವುದಕ್ಕೂ ಒಂದಿಷ್ಟು ಉತ್ಸಾಹ ಬೇಕು, ಅದು ನನ್ನಲ್ಲಿರಲಿಲ್ಲ.

"ಅದು ಸುಳ್ಳು ಸರ್. ಆರ್ಡರ್ ಬಂದಾಗ ನಮ್ಮ ತಾಯಿ ಚೆನ್ನಾಗಿದ್ರು. ಮೆಸೇಜ್ ಬಂತು, ಓದಿದೆ, ನಾಳೆ ನೋಡೋಣ ಅಂತ ಬಿಟ್ಟೆ. ಮರೆತೆ. ಅವರು ಹೋದ ಮಾರನೇ ದಿನವೂ ಕೆಲಸ ಮಾಡಿದೀನಿ. ನನಗೆ ಏನೂ ಆಗಿರಲಿಲ್ಲ. ನೀವು ಒಪ್ಪಲಿ ಅಂತ ಆ ಸರ್ಟಿಫಿಕೇಟ್ ಹಾಕಿದೆ. ಇವರ ತಪ್ಪು ಏನೂ ಇಲ್ಲ. ಇವರಿಗೆ ಮೆಸೇಜೇ ಹೋಗಲ್ಲ, ನಂಬರ್ ನಂದು."

ಹೇಳಿ ಮುಗಿಸುವ ಹೊತ್ತಿಗೆ ಗೊತ್ತಾಯಿತು, ಸಾಹೇಬರ ಕೇಸು ನಾನೇ ಕೊಂದೆ ಎಂದು. ಅವರ ಕಡೆ ನೋಡಲಾಗಲಿಲ್ಲ. ಅವರೇ ಮಾತಾಡಿದರು. ಎದ್ದು ನಿಂತು, ಕೈಕಟ್ಟಿಕೊಂಡು.

"ಸ್ವಾಮೇರ, ಒಂದ್ ಮಾತು. ಆವತ್ತು ಇಪ್ಪತ್ತನೇ ತಾರೀಕು ಬೆಳಿಗ್ಗೆ ಇವ್ರಿಗೆ ನಾನೇ ಫೋನ್ ಮಾಡಿದ್ದೆ, ರಿಟರ್ನ್ ಆಯ್ತಾ, ಲೇಟ್ ಫೀ ಬೀಳ್ತದೆ ಅಂತ. ನಂಗೆ ಅವ್ರ್ ಅವ್ವ ಹೋದುದ್ದು ಗೊತ್ತಿರ್ನಿಲ್ಲ. ಹಾಕ್ತೀನಿ ಸಾಹೇಬ್ರೇ ಅಂದ್ರು. ಬ್ಯಾರೆ ಏನೂ ಅನ್ನಿಲ್ಲ. ಆಮ್ಯಾಲೆ ಊರ್ನೋರು ಯೋಳುದ್ರು. ಆ ಫೋನ್ ಮಾಡಿದ್ದು ಇವತ್ತಿಗೂ ನಂಗೆ ಸುಡ್ತದೆ."

ಆ ಫೋನು ನನಗೆ ನೆನಪೇ ಇರಲಿಲ್ಲ. ಆವತ್ತು ಹದಿನೇಳು ಜನ ಮಾಡಿದ್ದರು.

ಅಧಿಕಾರಿಗಳು ಇಬ್ಬರನ್ನೂ ನೋಡಿದರು. "ಸರಿ. ಆರ್ಡರ್ ಪೋರ್ಟಲ್ಗೆ ಬರತ್ತೆ. ಹೋಗ್ಬನ್ನಿ," ಎಂದರು. ಅವರ ದನಿಯಲ್ಲಿ ಏನೂ ಸಿಗಲಿಲ್ಲ.

ಕೆಳಗೆ ಬಂದು ಹೋಟೆಲಿನಲ್ಲಿ ಕೂತೆವು. ಅಪೀಲು ತಿರಸ್ಕಾರವಾಗುತ್ತದೆ, ಟ್ರಿಬ್ಯೂನಲ್ಲಿಗೆ ಹೋಗಬೇಕಾಗಬಹುದು, ಮತ್ತೆ ಠೇವಣಿ ಬೇಕು, ಇನ್ನು ನೀವು ಬೇರೆ ಯಾರನ್ನಾದರೂ ನೋಡಿಕೊಳ್ಳಿ, ಕಾಗದಗಳನ್ನೆಲ್ಲ ಕಟ್ಟಿಕೊಡುತ್ತೇನೆ ಎಂದು ಸಾಹೇಬರಿಗೆ ವಿವರಿಸಿದೆ. ಅವರು ಇಡ್ಲಿ ತಿನ್ನುತ್ತಿದ್ದರು.

"ನಂಬರ್ ಮಾತ್ರ ಬದ್ಲಾಯಿಸ್ಬುಡಿ ತಾಯಿ," ಎಂದರು. "ಎರಡೂ ಇರ್ಲಿ. ನಿಮ್ದೂ, ನಮ್ ಸೊಸೇದೂ."

ಆ ವಾರವೇ ಬದಲಾಯಿಸಿದೆ. ಉಳಿದ ಅಂಗಡಿಗಳದ್ದನ್ನೂ ಒಂದೊಂದಾಗಿ ಬದಲಾಯಿಸತೊಡಗಿದೆ. ಅರ್ಧಕ್ಕರ್ಧ ಜನ ಗೊಣಗಿದರು.

ಜನವರಿಯ ಒಂದು ಮಧ್ಯಾಹ್ನ ಆದೇಶ ಬಂತು. ಈಗ ಮೆಸೇಜು ಬಂದರೆ ಕೈಯಲ್ಲಿನ ಕೆಲಸ ಬಿಟ್ಟು ನೋಡುತ್ತೇನೆ. ಮೊದಲು ಕೊನೆಯ ಪುಟ ತೆಗೆದೆ. 'ಅಪೀಲು ಪುರಸ್ಕರಿಸಿದೆ. ಬೇಡಿಕೆ ಆದೇಶವನ್ನು ರದ್ದುಪಡಿಸಿದೆ.' ನಂಬದೆ ಎರಡು ಸಲ ಓದಿದೆ. ಸಾಹೇಬರಿಗೆ ಫೋನು ಮಾಡಿದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಅವರ ಎದುರಿಗೇ ಅವರು ಜೋರಾಗಿ ಅಲ್ಲಾಹನನ್ನು ನೆನೆದರು. ಠೇವಣಿ ವಾಪಸಿಗೆ ಅರ್ಜಿ ಹಾಕುತ್ತೇನೆ, ಸೊಸೆಯ ದುಡ್ಡು ಅವಳಿಗೆ ಕೊಟ್ಟುಬಿಡಿ ಎಂದೆ.

ಆಮೇಲೆ ಮೊದಲಿನಿಂದ ಓದಿದೆ. ತಡದ ವಿಷಯ ನಾಲ್ಕನೇ ಪುಟದಲ್ಲಿತ್ತು. 'ವಿಚಾರಣೆಯ ಸಮಯದಲ್ಲಿ ಸಲಹೆಗಾರ್ತಿಯು ತಾಯಿಯ ನಿಧನವು ತಮ್ಮ ಕೆಲಸಕ್ಕೆ ಅಡ್ಡಿಯಾಗಿರಲಿಲ್ಲವೆಂದು ಹೇಳಿರುತ್ತಾರೆ. ಅಂತ್ಯಕ್ರಿಯೆಯ ಮರುದಿನವೇ ರಿಟರ್ನ್ ಸಲ್ಲಿಸಿರುವುದು ದಾಖಲೆಗಳಿಂದ ಕಂಡುಬರುತ್ತದೆ. ಆದರೆ ಅವರು ಆ ಅವಧಿಯಲ್ಲಿ ದುಃಖದಲ್ಲಿ ಇರಲಿಲ್ಲವೆಂದು ಇದರಿಂದ ಹೇಳಲಾಗದು. ಜುಲೈ ಮಾಹೆಯ ಗಡುವು ಮೀರಲು ಸದರಿ ದುಃಖವು ತಕ್ಕ ಕಾರಣವೆಂದು ಪರಿಗಣಿಸಿ, ವಿಳಂಬವನ್ನು ಮನ್ನಿಸಲಾಗಿದೆ.'

ಏಪ್ರಿಲಿನ ನನ್ನ ಸುಳ್ಳನ್ನು ಅವರು ಮುಟ್ಟಿಯೇ ಇರಲಿಲ್ಲ. ಮೂರು ತಿಂಗಳಲ್ಲಿ ಯಾವತ್ತು ಬೇಕಾದರೂ ಅಪೀಲು ಹಾಕಬಹುದಿತ್ತು, ಆ ದಿನಗಳು ಮುಗಿಯುವಾಗ ನಾನು ಹೇಗಿದ್ದೆ ಎಂಬುದನ್ನು ಮಾತ್ರ ಅವರು ನೋಡಿದ್ದರು. ನನಗೆ ಏನೂ ಆಗಿರಲಿಲ್ಲ ಎಂದು ನಾನೇ ಅವರ ಮುಂದೆ ಹೇಳಿ ಬಂದಿದ್ದೆ. ಆ ಮಾತನ್ನು ಅವರು ನಂಬಿರಲಿಲ್ಲ.

ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಏಳು ತಿಂಗಳಾದ ಮೇಲೆ, ಜೋರಾಗಿ, ಅವ್ವಾ ಅವ್ವಾ ಎಂದು. ಕೆಳಗಿನ ಜೆರಾಕ್ಸಿನವನು ಮಷೀನು ನಿಲ್ಲಿಸಿ, ಮೆಟ್ಟಿಲ ಹತ್ತಿರ ಬಂದು ಏನಾಯ್ತು ಮೇಡಂ, ಕೇಸು ಹೋಯ್ತಾ ಎಂದು ಕೂಗಿದ. ಇಲ್ಲ, ಗೆದ್ದೆವು ಎಂದು ಹೇಳಲು ನೋಡಿದೆ, ಬಾಯಿಗೆ ಮತ್ತೆ ಅವ್ವಾ ಎಂದೇ ಬಂತು.